ಖಾಲಿ ಹಾಳೆಯ ಕೆಳಗೆ ನಾಲ್ಕು ಸಹಿ

'ಶುದ್ಧಪ್ರತಿ ಬರೆಯಲು ಸಹಕರಿಸಿದವರು' ಎಂಬ ಮಾತನ್ನು ಇವತ್ತಿಗೂ ಎಲ್ಲಾದರೂ ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಯ ಕಾಗದದಲ್ಲಿ 'ಸುಖಾಗಮನ ಬಯಸುವವರು' ಅಂತ ಹಾಕಿದ ಹಾಗೆ ಎಷ್ಟು ನಯವಾಗಿ ಕೂತಿರುತ್ತದೆ ಅದು! ಎಂಬತ್ತರ ದಶಕದ ಒಂದು ಸೋಮವಾರ ಬೆಳಿಗ್ಗೆ, ಬಿ.ಎಡ್ ಕಾಲೇಜಿನ ಲೈಬ್ರರಿಯ ಬಾಗಿಲಲ್ಲಿ ನಿಂತು, ಆಗತಾನೆ ಬೈಂಡ್ ಆಗಿ ಬಂದಿದ್ದ, ಗೋಂದಿನ ವಾಸನೆಯೂ ಆರದಿದ್ದ ವರದಿಯ ಕೊನೆಯ ಪುಟದಲ್ಲಿ ನನ್ನ ಹೆಸರಿನ ಮುಂದೆ ಅದನ್ನು ಓದಿದೆ. ಆರು ವಾರ ಕೂತು ನಾಲ್ಕು ಜನರ ನಾಲ್ಕು ದಿಕ್ಕಿನ ಬರಹವನ್ನು ಒಂದು ಮಾಡಿದವಳು ನಾನು. ನನಗೆ ಸಿಕ್ಕಿದ್ದು ಗುಮಾಸ್ತೆಯ ಪದವಿ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಜಗಳೂರಿನ ನನ್ನ ಗೆಳತಿಗೆ ಮಾಡಿದ್ದನ್ನು ನುಂಗಿಕೊಳ್ಳಲು ಆಗಲಿಲ್ಲ.

ನಾವು ನಾಲ್ವರು ಒಂದು ಗುಂಪು. ನಾನು ನ್ಯಾಮತಿಯವಳು. ರೂಮಿನಲ್ಲಿ ನನ್ನ ಜೊತೆಗಿದ್ದ ಗೆಳತಿ ಜಗಳೂರು ಕಡೆಯ ಹಳ್ಳಿಯವಳು. ಚನ್ನಗಿರಿ ಕಡೆಯಿಂದ ಬಸವಾಪಟ್ಟಣದ ಒಬ್ಬ ಹುಡುಗ. ಮಾತು ಕಡಿಮೆ, ಲೆಕ್ಕ ಚುರುಕು. ನಾಲ್ಕನೆಯವರು ಹೊನ್ನಾಳಿ ಕಡೆಯ ಮೇಷ್ಟ್ರು. ಹತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ, ಇಲಾಖೆಯಿಂದ ರಜೆ ಪಡೆದು ಓದಲು ಬಂದವರು. ವಯಸ್ಸಿನಲ್ಲಿ ಹಿರಿಯರು, ಬಿಳಿ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಅವರು ಲೀಡರ್ ಆಗುವುದನ್ನು ಯಾರೂ ತೀರ್ಮಾನ ಮಾಡಲಿಲ್ಲ, ಅದು ತಾನಾಗಿಯೇ ಆಗಿಹೋಯಿತು.

ನಮಗೆ ಕೊಟ್ಟ ವಿಷಯ 'ಶಾಲೆ ಬಿಟ್ಟ ಮಕ್ಕಳು'. ಒಬ್ಬೊಬ್ಬರೂ ತಮ್ಮ ಕಡೆಯ ಒಂದೊಂದು ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಮಗುವಿಗೊಂದರಂತೆ ಫಾರಂ ತುಂಬಬೇಕು, ತಮ್ಮ ಭಾಗ ಬರೆಯಬೇಕು, ಕೊನೆಗೆ ನಾಲ್ಕೂ ಸೇರಿ ಒಂದೇ ವರದಿಯಾಗಬೇಕು. ಗೈಡ್ ಆಗಿದ್ದ ಸರ್ ಮೊದಲ ದಿನವೇ ಹೇಳಿದ್ದರು: "ನಾಲ್ಕು ಜನ ಬರೆದಿದ್ದು ಅಂತ ಓದಿದೋರಿಗೆ ಗೊತ್ತಾಗಬಾರದು, ಒಬ್ಬರೇ ಬರೆದಂಗೆ ಇರಬೇಕು. ಆದ್ರೆ ಯಾರು ಏನು ಮಾಡಿದ್ರು ಅನ್ನೋದನ್ನ ಕೊನೇ ಪುಟದಲ್ಲಿ ಬರೆದು ನಾಲ್ವರೂ ಸಹಿ ಹಾಕ್ರಿ. ಅದನ್ನ ನೋಡಿನೇ ನಾನು ಒಬ್ಬೊಬ್ಬರಿಗೂ ಅಂಕ ಕೊಡೋದು."

ಆ ಕೊನೆಯ ಪುಟ ನನ್ನ ಗೆಳತಿಗೆ ಎಷ್ಟು ಮುಖ್ಯ ಅಂತ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಆ ವರ್ಷ ಕಾಮಾಲೆಯಾಗಿ ಅವಳು ತಿಂಗಳುಗಟ್ಟಲೆ ಮಲಗಿದ್ದಳು. ಪಾಠ ಮಾಡಿ ತೋರಿಸಿ ಗಳಿಸುವ ಅಂಕಗಳು ಕೈತಪ್ಪಿದ್ದವು. ಈ ವರದಿಯಲ್ಲಿ ಒಳ್ಳೆಯ ಅಂಕ ಬಂದರೆ ಮಾತ್ರ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ. "ಇನ್ನೊಂದು ವರ್ಷ ಅಂದ್ರೆ ನಾನು ಬರಾಕಿಲ್ಲ ಕಣೇ. ಮನೇಲಿ ಕೇಳಾಕೆ ಮುಖ ಇಲ್ಲ ನನಗೆ" ಅನ್ನುತ್ತಿದ್ದಳು. ಮುಖ ಯಾಕಿಲ್ಲ ಅಂತ ನಾನು ಕೇಳಲಿಲ್ಲ. ಎಲ್ಲರ ಮನೆಯಲ್ಲೂ ಕಷ್ಟವೇ ಅಂದುಕೊಂಡೆ.

ದಸರಾ ರಜೆ ಮುಗಿಸಿ ನಾಲ್ವರೂ ನಾಲ್ಕು ಕಟ್ಟು ತಂದೆವು. ಒಂದು ಮಾಡುವ ಕೆಲಸ ನನ್ನ ತಲೆಗೆ ಬಂತು. "ನಿಂದು ಅಕ್ಷರ ಮುತ್ತಿನಂಗೈತೆ ತಂಗಿ, ನೀನೇ ಮಾಡು" ಅಂದರು ಲೀಡರ್ ಮೇಷ್ಟ್ರು. ಅವರ ಲೆಕ್ಕದಲ್ಲಿ ಅದು ಅಕ್ಷರದ ಕೆಲಸ! ಹಳೆ ಸೀರೆ ನಾಲ್ಕನ್ನು ಸೇರಿಸಿ ಕೌದಿ ಹೊಲಿಯುವವರಿಗೆ ಗೊತ್ತು, ಸೂಜಿ ಹಿಡಿಯುವ ಮೊದಲು ಎಷ್ಟು ಬಿಚ್ಚಬೇಕು ಅಂತ.

ಬಸವಾಪಟ್ಟಣದ ಹುಡುಗ ಸೂಳೆಕೆರೆಯ ದಂಡೆಯ ಹಳ್ಳಿಯೊಂದಕ್ಕೆ ಹೋಗಿದ್ದ. ಅವನದು ಬರೀ ಕೋಷ್ಟಕ, ನಡುವೆ ಟೆಲಿಗ್ರಾಂ ತರಹದ ವಾಕ್ಯಗಳು. ನಾನು ಗೋವಿನಕೋವಿಯಲ್ಲಿ ಮಾಡಿದ್ದೆ. ನನ್ನದು ಪ್ರಬಂಧ ಸ್ಪರ್ಧೆಗೆ ಬರೆದಂತೆ ಉದ್ದುದ್ದ. ಮೇಷ್ಟ್ರದು ಭಾಷಣ. 'ಶಿಕ್ಷಣವೆಂಬ ಜ್ಯೋತಿ' ಅಂತ ಶುರುವಾಗಿ ಎರಡು ಪುಟ ಆ ಜ್ಯೋತಿ ಆರುತ್ತಲೇ ಇರಲಿಲ್ಲ. ಗೆಳತಿಯದು ನೋಟ್‌ಬುಕ್ಕಿನ ಹಾಳೆಗಳಲ್ಲಿ, ಮನೆಯವರು ಮಾತಾಡಿದ್ದನ್ನು ಮಾತಾಡಿದ ಹಾಗೇ ಗೀಚಿಕೊಂಡದ್ದು. ನಾಲ್ಕು ಪೀಠಿಕೆ, ನಾಲ್ಕು ಉಪಸಂಹಾರ. ಒಬ್ಬರು 'ನಾನು', ಒಬ್ಬರು 'ನಾವು', ಒಬ್ಬರು 'ಸಮೀಕ್ಷಕರು'. ಇದೆಲ್ಲ ಮೇಲಿನ ಧೂಳು, ಒರೆಸಿದರೆ ಹೋಗುತ್ತದೆ. ಪೀಠಿಕೆ ಒಂದು ಮಾಡಿದೆ, ಎಲ್ಲ ಕಡೆ 'ನಾವು' ಹಾಕಿದೆ, ಕೋಷ್ಟಕಗಳಿಗೆ ಒಂದೇ ಸಾಲಿನಲ್ಲಿ ಸಂಖ್ಯೆ ಕೊಟ್ಟೆ, ಜ್ಯೋತಿಯನ್ನು ಆರಿಸಿದೆ.

ನಿಜವಾದ ತೊಡಕು ಇದ್ದದ್ದು 'ಶಾಲೆ ಬಿಟ್ಟ' ಅನ್ನುವ ಮಾತಿನಲ್ಲೇ. ಗೆಳತಿ ಮೂರು ತಿಂಗಳು ಶಾಲೆಯ ಕಡೆ ತಲೆ ಹಾಕದ ಮಗುವನ್ನು ಬಿಟ್ಟದ್ದು ಅಂತ ಎಣಿಸಿದ್ದಳು, ನಾನೂ ಹಾಗೇ. ಬಸವಾಪಟ್ಟಣದವನು ಶಾಲೆಗೆ ಸೇರಿಯೇ ಇಲ್ಲದವರನ್ನೂ ಸೇರಿಸಿಬಿಟ್ಟಿದ್ದ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದವರನ್ನು ಮಾತ್ರ ಎಣಿಸಿದ್ದರು. ಮೂರು ಬೇರೆ ಬೇರೆ ಪದಾರ್ಥವನ್ನು ಒಂದೇ ಸೇರಿನಲ್ಲಿ ಅಳೆದು ಕೂಡಿಸಿದರೆ ಆ ಮೊತ್ತಕ್ಕೆ ಏನರ್ಥ? ಅವರವರು ಕೊಟ್ಟ ಮೊತ್ತಗಳನ್ನು ಬದಿಗಿಟ್ಟು, ಫಾರಂಗಳನ್ನೇ ಇಸಿದುಕೊಂಡು, ಸೇರದವರು, ಸೇರಿಯೂ ಬಾರದವರು, ಹೆಸರು ಹೊಡೆದವರು ಅಂತ ಮೂರು ಕಲಂ ಹಾಕಿ ಮೊದಲಿನಿಂದ ಎಣಿಸಿದೆ. ಬಸವಾಪಟ್ಟಣದವನು ಪಕ್ಕದಲ್ಲಿ ಕೂತು ತಾಳೆ ನೋಡಿದ.

ಆಗ ಕಂಡಿತು ಮೇಷ್ಟ್ರ ಫಾರಂಗಳ ಸೊಗಸು. ಎಲ್ಲಾ ಒಂದೇ ಶಾಯಿ. ಹೋಗಲಿ, ಶಾಯಿ ಒಂದೇ ಇರಬಹುದು. ಆದರೆ ಮೊದಲು ಗಂಡುಮಕ್ಕಳೆಲ್ಲ, ಆಮೇಲೆ ಹೆಣ್ಣುಮಕ್ಕಳೆಲ್ಲ! ಮನೆ ಮನೆಗೆ ಹೋದವರ ಕಟ್ಟಿನಲ್ಲಿ ಅಣ್ಣನ ಹಿಂದೆಯೇ ತಂಗಿ ಬರುತ್ತಾಳೆ. ಗಂಡು ಮೊದಲು, ಹೆಣ್ಣು ಆಮೇಲೆ ಬರುವುದು ಒಂದೇ ಕಡೆ: ಶಾಲೆಯ ಹಾಜರಿ ಪುಸ್ತಕದಲ್ಲಿ. ಈ ಮನುಷ್ಯ ಒಂದು ಹೊಸ್ತಿಲನ್ನೂ ತುಳಿದಿರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಹಾಜರಿ ನೋಡಿಕೊಂಡು ಫಾರಂ ತುಂಬಿಸಿದ್ದರು. ಹಾಗಾಗಿಯೇ ಅವರ ಲೆಕ್ಕದ ಪ್ರಕಾರ ಆ ಹಳ್ಳಿಯಲ್ಲಿ ಶಾಲೆ ಬಿಟ್ಟ ಮಕ್ಕಳೇ ಇಲ್ಲ ಅನ್ನುವಂತಿತ್ತು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮೇಷ್ಟ್ರ ಹುದ್ದೆ ಹೋಗುತ್ತದೆ, ಅದಕ್ಕೆ ಎಷ್ಟೋ ಕಡೆ ಬಾರದ ಮಗುವಿನ ಹೆಸರನ್ನು ಯಾರೂ ಹೊಡೆಯುವುದಿಲ್ಲ. ಇದು ಹತ್ತು ವರ್ಷ ಅದೇ ಕೆಲಸ ಮಾಡಿದ ಅವರಿಗೆ ಗೊತ್ತಿರಲಿಲ್ಲವೇ?

ವರಾಂಡದಲ್ಲಿ ಹಿಡಿದು ಕೇಳಿದೆ. ನಕ್ಕರು.

"ನೋಡು ತಂಗಿ, ಮನೆಯೋರು ಸುಳ್ಳು ಹೇಳ್ತಾರೆ. ಹಾಜರಿ ಪುಸ್ತಕ ಸುಳ್ಳು ಹೇಳ್ತೈತೇನು? ಅದು ಸರ್ಕಾರಿ ದಾಖಲೆ."

"ಹಂಗಂದ್ರೆ ನಿಮ್ಮ ಅಂಕಿನ ನಮ್ಮ ಮೂರರ ಜೊತೆ ಕೂಡಿಸಾಕೆ ಬರಲ್ಲ ಮೇಷ್ಟ್ರೇ. ಬೇರೆ ಇಡ್ತೀನಿ. ಮನೆ ಭೇಟಿ ಆಗಿಲ್ಲ, ಹಾಜರಿ ಪುಸ್ತಕದಿಂದ ತಗೊಂಡಿದ್ದು ಅಂತ ಅಡಿಟಿಪ್ಪಣಿ ಹಾಕ್ತೀನಿ. ಒಪ್ಪಿಗೇನಾ?"

"ಹಾಕಮ್ಮ ಹಾಕು. ಅಡಿಟಿಪ್ಪಣಿ ಯಾರು ಓದ್ತಾರೆ" ಅಂದು ಸೈಕಲ್ ಹತ್ತಿ ಹೊರಟರು.

ಅವರ ತಪ್ಪನ್ನು ಹುಡುಕಿದ ಜಂಬದಲ್ಲಿ ನನ್ನ ತಪ್ಪು ನನಗೆ ಕಾಣಲಿಲ್ಲ. ಗೆಳತಿಯ ಹಾಳೆಗಳಲ್ಲಿ ಮೊದಲನೇ ಫಾರಮ್ಮಿಗೆ ಪಿನ್ ಹಾಕಿದ ಒಂದು ಚೀಟಿ ಇತ್ತು. ಒಬ್ಬ ತಾಯಿಯ ಮಾತು: "ಇಬ್ರಿಗೂ ಸ್ಲೇಟು ಕೊಡಿಸಿದ್ವಿ. ದೊಡ್ಡಾಕಿ ಓದಲಿ ಅಂತ ಸಣ್ಣಾಕೀನ ಬಿಡಿಸಿದ್ವಿ. ಅವಳ ಸ್ಲೇಟು ಗೂಡ್ನಾಗೈತೆ. ಕೂಡೋ ಲೆಕ್ಕ ಅರ್ಧ ಮಾಡಿಟ್ಟವ್ಳೆ. ಒರೆಸಾಕೆ ನನಗೆ ಕೈ ಬರಾಕಿಲ್ಲ." ಇಡೀ ವರದಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಇರಲಿಲ್ಲ. ನಾನು ಏನು ಮಾಡಿದೆ? ಎಲ್ಲ ಒಂದೇ ದನಿಯಲ್ಲಿ ಇರಬೇಕಲ್ಲ! 'ಬಾಲಕಿಯು ಶಾಲೆಯನ್ನು ತೊರೆದ ನಂತರವೂ ಆಕೆಯ ಸ್ಲೇಟನ್ನು ತಾಯಿಯು ಜೋಪಾನವಾಗಿ ಇರಿಸಿರುವುದನ್ನು ನಾವು ಕಂಡೆವು' ಅಂತ ಬರೆದು, ಚೆನ್ನಾಗಿದೆ ಅಂತ ಜಗಳೂರಿನ ಭಾಗದಿಂದ ಎತ್ತಿ ಪೀಠಿಕೆಗೆ ಹಾಕಿದೆ. ಯಾವ ಊರು, ಯಾರು ಕಂಡದ್ದು, ಒಂದೂ ಉಳಿಯಲಿಲ್ಲ. ಆ ತಾಯಿಯ ಬಾಯಿಂದ ಮಾತು ಕಿತ್ತು ಇಸ್ತ್ರಿ ಮಾಡಿಟ್ಟೆ.

ಗೆಳತಿಗೆ ಓದಿ ತೋರಿಸಿದೆ. "ಚೆನ್ನಾಗೈತೆ. ಆದ್ರೆ ಯಾರು ಹೇಳಿದ್ದು ಅಂತ ತಿಳಿಯಾಕಿಲ್ಲಲ್ಲ ಕಣೇ" ಅಂದಳು ಅವಳು.

"ರಿಪೋರ್ಟು ಅಂದ್ರೆ ಹಿಂಗೇ ಕಣೇ" ಅಂದೆ ನಾನು, ನನಗೇನೋ ಹತ್ತು ರಿಪೋರ್ಟು ಬರೆದು ಗೊತ್ತಿದ್ದವಳ ಹಾಗೆ.

ಶುದ್ಧಪ್ರತಿ ಮುಗಿದದ್ದು ಒಂದು ಶನಿವಾರ. ಅರ್ಧ ದಿನದ ಕಾಲೇಜು. ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ಯಾರಿಗೂ ಯಾವ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಎಲ್ಲರ ಜೀವ ಬಸ್‌ಸ್ಟ್ಯಾಂಡಿನಲ್ಲಿ. ಚನ್ನಗಿರಿ ಬಸ್ಸು ಒಂದು ಹೊತ್ತಿಗೆ, ಹೊನ್ನಾಳಿಯದು ಒಂದು ಹೊತ್ತಿಗೆ, ಜಗಳೂರಿನದು ತಪ್ಪಿದರೆ ಆ ದಿನಕ್ಕೆ ಮತ್ತೆ ಇಲ್ಲ. ಗೇಟಿನ ಹತ್ತಿರ ಲೀಡರ್ ಮೇಷ್ಟ್ರು ಒಂದು ಖಾಲಿ ಹಾಳೆ ಹಿಡಿದು ನಿಂತಿದ್ದರು. "ಕೊನೇ ಪುಟಕ್ಕೆ ಸಹಿ ಹಾಕಿ ಹೋಗ್ರಿ. ಯಾರು ಏನು ಮಾಡಿದ್ರು ಅಂತ ನನಗೆ ಗೊತ್ತೈತಲ್ಲ, ಮೇಲೆ ನಾನು ಬರ್ಕೊಂತೀನಿ. ಬೈಂಡಿಂಗಿಗೆ ಇವತ್ತೇ ಕೊಡಬೇಕು."

ನಾವು ಹಾಕಿದೆವು! ಮೂರು ಜನ ಓದಿದವರು, ನಾಳೆ ಮಕ್ಕಳಿಗೆ ಬುದ್ಧಿ ಹೇಳಬೇಕಾದವರು, ಬ್ಯಾಗು ಕಂಕುಳಲ್ಲಿ ಇಟ್ಟುಕೊಂಡು, ಸೈಕಲ್ ಸೀಟಿನ ಮೇಲೆ ಹಾಳೆ ಇಟ್ಟು, ಖಾಲಿ ಜಾಗದ ಕೆಳಗೆ ಸಹಿ ಹಾಕಿ ಬಸ್ಸಿಗೆ ಓಡಿದೆವು. ಮೇಷ್ಟ್ರ ಮೇಲಿನ ಸಿಟ್ಟಿನಷ್ಟೇ ಸಿಟ್ಟು ಆ ಸಹಿಯ ಮೇಲೆ ಈಗಲೂ ಇದೆ ನನಗೆ.

ಸೋಮವಾರ ಆ ಪುಟದಲ್ಲಿ ಅವರ ಕೈಬರಹದಲ್ಲಿ ಹೀಗಿತ್ತು. ಯೋಜನೆ, ಸಂಯೋಜನೆ, ವಿಶ್ಲೇಷಣೆ ಮತ್ತು ವರದಿ ಲೇಖನ: ಅವರ ಹೆಸರು. ಕೋಷ್ಟಕ: ಬಸವಾಪಟ್ಟಣದವನು. ಶುದ್ಧಪ್ರತಿ ಬರೆಯಲು ಸಹಕರಿಸಿದವರು: ನಾನು. ಕೊನೆಗೆ, ಮಾಹಿತಿ ಸಂಗ್ರಹದಲ್ಲಿ ನೆರವು ನೀಡಿದವರು: ನನ್ನ ಗೆಳತಿ. ನೆರವು! ಕಾಮಾಲೆಯಿಂದ ಎದ್ದ ಮೈಯಲ್ಲಿ, ಆ ಬಿಸಿಲಿನಲ್ಲಿ, ನಮ್ಮೆಲ್ಲರಿಗಿಂತ ಹೆಚ್ಚು ಮನೆ ಹತ್ತಿಳಿದವಳು ಅವಳು. ಒಂದು ಮನೆಯನ್ನೂ ಹತ್ತದವರಿಗೆ ನೆರವಾಗಿದ್ದಾಳಂತೆ.

ಮೇಷ್ಟ್ರನ್ನು ಹಿಡಿದು ಕೇಳಿದೆ. "ಮೇಷ್ಟ್ರೇ, ವಿಶ್ಲೇಷಣೆ ಯಾವಾಗ ಮಾಡಿದ್ರಿ ನೀವು? ಕನಸಿನಾಗಾ?"

"ಬಾಯಿ ಜಾಸ್ತಿ ಆತು ತಂಗಿ. ಲೀಡರ್ ಅಂದ ಮೇಲೆ ಲೀಡರ್ ಹೆಸರು ಬರಲೇಬೇಕು. ಗುಂಪಿನ ಮರ್ಯಾದೆ ಬೀದಿಗೆ ತರಬೇಡ" ಅಂದರು. ಗುಂಪಿನ ಮರ್ಯಾದೆ ಅನ್ನುವುದು ಯಾವಾಗಲೂ ಕದ್ದವನಿಗೇ ನೆನಪಾಗುವುದು ಹೇಗೆ ಅಂತ ನನಗೆ ಇನ್ನೂ ತಿಳಿದಿಲ್ಲ.

ಗೆಳತಿ ನನ್ನ ಕೈ ಹಿಡಿದು ಎಳೆದಳು. "ಬಿಡೇ. ನಾವೇ ಸಹಿ ಹಾಕಿದ್ದಲ್ವ. ಯಾರನ್ನ ಏನಂತ ಕೇಳ್ತೀಯ."

ನಾನು ಬಿಡಲಿಲ್ಲ. ರೂಮಿಗೆ ಓಡಿ ನಾಲ್ವರ ಮೂಲ ಹಾಳೆಗಳನ್ನೂ ಫಾರಂಗಳ ಕಟ್ಟನ್ನೂ ಚೀಲಕ್ಕೆ ತುಂಬಿಕೊಂಡು ಬಂದೆ. ಅದೊಂದು ಬುದ್ಧಿವಂತಿಕೆ ಮಾಡಿದ್ದೆ, ಒಂದು ಚೂರನ್ನೂ ಬಿಸಾಡಿರಲಿಲ್ಲ. ಮಧ್ಯಾಹ್ನ ಸರ್ ಕೋಣೆಯಲ್ಲಿ ನಾಲ್ವರನ್ನೂ ಕೂರಿಸಿ ಪ್ರಶ್ನೆ ಕೇಳುವುದಿತ್ತು. ಒಳಗೆ ಹೋದ ಕೂಡಲೇ ಹೇಳಿದೆ: "ಸಾರ್, ಕೊನೇ ಪುಟ ನಿಜ ಅಲ್ಲ."

ಸರ್ ಕನ್ನಡಕ ಏರಿಸಿ ಪುಟ ನೋಡಿದರು. "ಈ ಸಹಿ ನಿಂದೇ ತಾನೆ?"

"ನಂದೇ ಸಾರ್. ಹಾಕಿದಾಗ ಮೇಲೆ ಏನೂ ಬರೆದಿರಲಿಲ್ಲ."

"ಖಾಲಿ ಹಾಳೆಗೆ ಸಹಿ ಹಾಕಿದೋಳು ಈಗ ನನ್ನ ಹತ್ರ ನ್ಯಾಯ ಕೇಳ್ತೀಯೇನು? ಕೂತ್ಕೊ. ಒಂದೇ ಗುಂಪಿನೋರು, ಯಾರು ಬರೆದ್ರೇನು" ಅಂದರು ಸರ್. ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕ ಅಂತ ನಿಯಮ ಮಾಡಿದ್ದ ಅದೇ ಸರ್! ನನಗೆ ಕಣ್ಣಲ್ಲಿ ನೀರು ಬಂತು. ಅದು ಅಳು ಅಲ್ಲ, ಉರಿ.

ಸರ್ ವರದಿ ತೆರೆದು ಪೀಠಿಕೆಯನ್ನು ಗಟ್ಟಿಯಾಗಿ ಓದಿದರು. ಸ್ಲೇಟಿನ ಸಾಲಿನ ಹತ್ತಿರ ನಿಂತರು. "ಇದು ಚೆನ್ನಾಗೈತೆ. ಯಾರು ಕಂಡಿದ್ದು ಇದನ್ನ?"

ಗೆಳತಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕುರ್ಚಿಯಲ್ಲಿ ಮುಂದೆ ಬಂದರು. "ನಮ್ಮ ಹೊನ್ನಾಳಿ ಕಡೆ ಒಂದು ಮನೇಲಿ ಸಾರ್. ನಾನೇ ಹೋಗಿದ್ದೆ. ಆ ತಾಯಿ ಸ್ಲೇಟು ತಂದು ತೋರಿಸಿದ್ರು. ಭಾಳ ಬೇಜಾರಾತು ನನಗೆ." ಎಷ್ಟು ಚೆನ್ನಾಗಿ ಹೇಳಿದರೆಂದರೆ, ಬರೆದವಳು ನಾನೇ ಒಂದು ಕ್ಷಣ ನಂಬುತ್ತಿದ್ದೆ.

ಸರ್ ಪುಟ ಮಗುಚುತ್ತಾ ಹೋದರು. ಹೊನ್ನಾಳಿಯ ಕೋಷ್ಟಕದ ಹತ್ತಿರ ಬೆರಳು ನಿಂತಿತು. "ಇಲ್ಲಿ ಅಡಿಟಿಪ್ಪಣಿ ಐತಲ್ರೀ. 'ಈ ಹಳ್ಳಿಯಲ್ಲಿ ಮನೆ ಭೇಟಿ ನಡೆದಿಲ್ಲ, ಅಂಕಿಗಳನ್ನು ಶಾಲೆಯ ಹಾಜರಿ ಪುಸ್ತಕದಿಂದ ಪಡೆಯಲಾಗಿದೆ, ಆದ್ದರಿಂದ ಉಳಿದ ಮೂರರೊಂದಿಗೆ ಕೂಡಿಸಿಲ್ಲ' ಅಂತ. ಮನೆಗೇ ಹೋಗದೆ ಸ್ಲೇಟು ಎಲ್ಲಿ ನೋಡಿದ್ರಿ?"

ವರದಿ ಲೇಖನ ಮಾಡಿದ ಮಹಾನುಭಾವರು ವರದಿಯನ್ನು ಓದಿಯೇ ಇರಲಿಲ್ಲ! ನಾನು ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದೆ. ಗಂಡು ಮೊದಲು ಹೆಣ್ಣು ಆಮೇಲೆ ಇದ್ದ ಕಟ್ಟನ್ನು ತೋರಿಸಿದೆ, ಬಸವಾಪಟ್ಟಣದವನು ಮೊದಲ ಸಲ ದನಿ ಎತ್ತಿ "ಹೌದು ಸಾರ್, ನಾನೂ ತಾಳೆ ನೋಡಿದೀನಿ" ಅಂದ. ಸರ್ ಎಲ್ಲರ ಹಾಳೆಗಳನ್ನೂ ತಿರುವಿದರು. ಗೆಳತಿಯ ಮೊದಲನೇ ಫಾರಂ, ಪಿನ್ ಹಾಕಿದ ಚೀಟಿ ಕೈಗೆ ಬಂತು. ಚೀಟಿಯನ್ನು ಎರಡು ಸಲ ಓದಿದರು.

"ನೀನಾ ಬರ್ಕೊಂಡಿದ್ದು ಇದು? ಯಾರ ಮನೆ?"

ಅವಳು ಎದ್ದು ನಿಂತಳು. ನೆಲ ನೋಡುತ್ತಲೇ ಹೇಳಿದಳು. "ನಮ್ಮನೆ ಸಾರ್. ಅದು ನಮ್ಮವ್ವ ಹೇಳಿದ್ದು."

ನಾನು ಫಾರಂ ಎಳೆದುಕೊಂಡು ನೋಡಿದೆ. ಮನೆಯ ಯಜಮಾನರ ಹೆಸರಿನ ಜಾಗದಲ್ಲಿ, ದಿನಾ ಹಾಜರಿ ಕೂಗುವಾಗ ಅವಳ ಹೆಸರಿನ ಮುಂದೆ ಬರುತ್ತಿದ್ದ ಅಪ್ಪನ ಹೆಸರೇ ಇತ್ತು. ಆರು ವಾರ ಆ ಹಾಳೆ ನನ್ನ ಕೈಯಲ್ಲಿತ್ತು. ಮೇಷ್ಟ್ರ ಶಾಯಿಯನ್ನು ಕಂಡುಹಿಡಿದ ಕಣ್ಣಿಗೆ ಪಕ್ಕದ ಚಾಪೆಯಲ್ಲಿ ಮಲಗುವವಳ ಮನೆ ಕಂಡಿರಲಿಲ್ಲ. 'ಯಾರು ಹೇಳಿದ್ದು ಅಂತ ತಿಳಿಯಾಕಿಲ್ಲಲ್ಲ' ಅಂದಾಗ ಅವಳು ಏನು ಕೇಳಿದ್ದಳು ಅನ್ನುವುದು ಆಗ ಅರ್ಥವಾಯಿತು. ಮೇಷ್ಟ್ರು ಕದ್ದದ್ದು ನಿಜ. ಕದಿಯುವುದಕ್ಕೆ ಅನುಕೂಲವಾಗುವ ಹಾಗೆ ಗುರುತೆಲ್ಲ ಅಳಿಸಿಟ್ಟವಳು ನಾನು.

ಸರ್ ಆ ಕೊನೆಯ ಪುಟವನ್ನು ಸ್ಕೇಲ್ ಇಟ್ಟು ಹರಿದರು. ಹೊಸ ಹಾಳೆ ಕೊಟ್ಟು, "ಇಲ್ಲೇ, ನನ್ನ ಎದುರಿಗೇ ಬರೀರಿ. ಒಬ್ಬೊಬ್ಬರೂ ತಾವು ಮಾಡಿದ್ದನ್ನ ತಾವೇ ಹೇಳ್ರಿ. ಉಳಿದೋರು ಒಪ್ಪಿದ ಮೇಲೆ ಸಹಿ. ಮನೆಯೋರದ್ದೇ ಫಾರಂ ತುಂಬಿದ್ರೆ ಅದನ್ನೂ ಹೇಳಬೇಕು, ಮುಚ್ಚಿಡೋ ಹಂಗಿಲ್ಲ" ಅಂದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ಬಸವಾಪಟ್ಟಣದವನು ತನ್ನದನ್ನು ಎರಡು ಮಾತಿನಲ್ಲಿ ಹೇಳಿದ. ನಾನು 'ನಾಲ್ಕು ಭಾಗಗಳನ್ನು ಒಂದುಗೂಡಿಸಿದ್ದು, ಭಾಷೆ ತಿದ್ದಿದ್ದು, ಗೋವಿನಕೋವಿಯ ಮನೆ ಭೇಟಿ' ಅಂತ ಬರೆದುಕೊಂಡೆ. ಮೇಷ್ಟ್ರು "ಹಾಜರಿ ಪುಸ್ತಕದಿಂದ ಅಂಕಿ ತೆಗೆದಿದ್ದು" ಅಂದರು. ಅಷ್ಟು ಹೇಳಲು ಅವರಿಗೆ ಐದು ನಿಮಿಷ ಬೇಕಾಯಿತು. ನನಗೆ ಒಂದು ಚೂರೂ ಅಯ್ಯೋ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಗೆಳತಿಯ ಸರದಿ ಬಂತು. ಹಳ್ಳಿಯ ಮನೆಗಳಿಗೆಲ್ಲ ತಾನೇ ಹೋದದ್ದು, ಮಾತು ಬರೆದುಕೊಂಡದ್ದು, ಎಲ್ಲ ಹೇಳಿದಳು. ಬರೆದೆ. ಆಮೇಲೆ ಇನ್ನೊಂದು ಸಾಲು ಹೇಳಿದಳು. ಪೆನ್ನು ಅಭ್ಯಾಸಬಲದಿಂದ 'ಪ್ರಥಮ ಫಾರಂ' ಅಂತ ಶುರು ಮಾಡಿಬಿಟ್ಟಿತ್ತು. ಅದನ್ನು ಹೊಡೆದುಹಾಕಿ, ಅವಳ ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆದೆ. ಇಡೀ ವರದಿಯಲ್ಲಿ ನಾನು ತಿದ್ದದೆ ಬಿಟ್ಟದ್ದು ಅದೊಂದೇ ಸಾಲು:

'ಮೊದಲ್ನೇ ಫಾರಂ ನಮ್ಮನೇದು. ನಾನು ಈ ಕಾಲೇಜಿಗೆ ಬರಾಕೆ ಅಂತ ನನ್ನ ತಂಗಿ ಸ್ಕೂಲು ಬಿಟ್ಟಳು.'